ಬಳೆ ತಟ್ಟೆಯ ಕ್ಲಿಪ್ಪು

ನನ್ನ ಗಂಡ ಮದುವೆಗಳ ವಿಡಿಯೊ ತೆಗೆಯುತ್ತಿದ್ದ, ನಾನು ಮನೆಯಲ್ಲಿ ಕೂತು ಅದನ್ನು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಮಾಡುತ್ತಿದ್ದೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮದೊಂದು ಹಳೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಅದರ ಮೇಲೆ ಒದ್ದೆ ಬಟ್ಟೆ. ಅದಿರಿನ ಲಾರಿಗಳು ಓಡಾಡುವ ರಸ್ತೆ ನಮ್ಮಿಂದ ದೂರವಿದ್ದರೂ ಕೆಂಪು ಧೂಳಿಗೆ ದೂರವೆಂಬುದಿರಲಿಲ್ಲ. ಬೆಳಿಗ್ಗೆ ಒರೆಸಿದ ಕೀಬೋರ್ಡು ಸಂಜೆಗೆ ಕುಂಕುಮ ಚೆಲ್ಲಿದಂತಿರುತ್ತಿತ್ತು.

ನಮ್ಮ ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕೋಣೆಯೊಳಗೆ ಗಂಡಸು ಕ್ಯಾಮೆರಾ ಹಿಡಿದು ಬರುವ ಹಾಗಿಲ್ಲ. ಹಾಗಾಗಿ ಅರಿಶಿನ, ಮೆಹಂದಿ, ಬಳೆ ತೊಡಿಸುವುದು, ಢೋಲಕ್ ಬಾರಿಸಿ ಬೀಗರನ್ನು ಗೇಲಿ ಮಾಡುವ ಹಾಡು, ಇವೆಲ್ಲ ಯಾವ ಕ್ಯಾಸೆಟ್ಟಿಗೂ ಸಿಗದೆ ಹೋಗುತ್ತಿದ್ದವು. ಕ್ಯಾಮೆರಾ ಇರುವ ಮೊಬೈಲು ಬಂದ ಮೇಲೆ ಒಬ್ಬೊಬ್ಬಳೂ ಒಂದೊಂದು ತುಣುಕು ತೆಗೆಯತೊಡಗಿದಳು. ಆ ತುಣುಕುಗಳನ್ನೆಲ್ಲ ಕೂಡಿಸಿ ಒಂದು ಸಿಡಿ ಮಾಡಿಕೊಡಬೇಕು, ಆದರೆ ಮಾಡುವವಳು ಹೆಂಗಸೇ ಆಗಬೇಕು. ಬಳ್ಳಾರಿಯಲ್ಲಿ ಆ ಕೆಲಸಕ್ಕೆ ಆಗ ಇದ್ದವಳು ನಾನು. ನಮ್ಮ ಮನೆಮಾತು ಕನ್ನಡ, ಅಜ್ಜ ಹತ್ತಿ ಹಿಂಜುತ್ತಿದ್ದವರು. ನಾನು ಹಿಂಜುತ್ತಿದ್ದುದು ಬೇರೆಯವರ ಮದುವೆಗಳನ್ನು.

ಈ ಕೆಲಸಕ್ಕೆ ಬರುವವರು ಯಾರೂ ನಗುತ್ತಾ ಬರುತ್ತಿರಲಿಲ್ಲ. ಮೆಮೊರಿ ಕಾರ್ಡನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು, "ನೀವು ಒಂದು ಕಾಪಿ ಇಟ್ಕಳಂಗಿಲ್ಲ ಹೌದಲ್ರಿ?" ಎಂದು ಕೇಳುವರು. ನಾನು ಕಾಪಿ ಮಾಡುವಷ್ಟು ಹೊತ್ತೂ ನನ್ನ ಬೆನ್ನ ಹಿಂದೆ ನಿಂತಿರುವರು. ಅವರನ್ನು ಆಡಿಕೊಳ್ಳುವ ಅಧಿಕಾರ ನನಗಿಲ್ಲ, ನಾನೂ ಅದೇ ಅನುಮಾನದ ಜಾತಿ. ಕಾರ್ಡು ಕೊಡುವವರು ಏನು ಅಳಿಸಿ ತಂದಿದ್ದಾರೆ, ಯಾಕೆ ಅಳಿಸಿದ್ದಾರೆ ಎಂದು ನಾನು ಯೋಚಿಸುತ್ತಿದ್ದೆ. "ನಿನಗೆ ಸಕ್ಕರೆ ಡಬ್ಬಿ ಮೇಲೂ ಅನುಮಾನ" ಎಂದು ಗಂಡ ರೇಗಿಸುತ್ತಿದ್ದ. ಅವನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಳ್ಳುತ್ತಿದ್ದುದು ನಿಜವೇ ಆಗಿತ್ತು.

ಅಂಥ ದಿನಗಳಲ್ಲೊಮ್ಮೆ ಸಿರುಗುಪ್ಪದಿಂದ ಒಬ್ಬ ತಾಯಿ ಬಂದಳು. ಅವಳ ಮಗಳ ಮದುವೆಯಲ್ಲಿ ಹೊರಗಿನ ವಿಡಿಯೊ ತೆಗೆದವನು ನನ್ನ ಗಂಡ. ಕೈಯಲ್ಲಿ ಒಂದು ಸಿಡಿ. ಕೂರಲು ಹೇಳಿದರೂ ಕೂರದೆ, "ಆಪಾ, ಇದನ್ನ ನೋಡಿ ಹೇಳ್ರಿ, ನನ್ನ ಮಗಳು ಈ ಮಾತು ಅಂದಾಳೋ ಇಲ್ಲೋ" ಅಂದಳು.

ಕಥೆ ಇಷ್ಟು. ಅವಳ ಮಗಳನ್ನು ಕುರುಗೋಡಿಗೆ ಕೊಟ್ಟಿದ್ದರು. ಕುರುಗೋಡಿನವರು ಹಿಂದೆ ಬೇರೆಯವರ ಲಾರಿಗಳಿಗೆ ದುಡಿದು, ಗಣಿ ಕೆಲಸ ಜೋರಾದ ಮೇಲೆ ತಮ್ಮವೇ ಲಾರಿಗಳನ್ನು ಓಡಿಸತೊಡಗಿದ ಮಂದಿ. ಮದುವೆಯಾದ ಮೇಲೆ ಅವರ ಹಿರಿಸೊಸೆ, ಅಂದರೆ ಹುಡುಗಿಯ ನೆಗೆಣ್ಣಿ, ಹೆಂಗಸರ ಮೊಬೈಲುಗಳಲ್ಲಿದ್ದ ಕ್ಲಿಪ್ಪುಗಳನ್ನು ತಮ್ಮ ಮನೆಯ ಹೊಸ ಕಂಪ್ಯೂಟರಿನಲ್ಲಿ ತಾನೇ ಜೋಡಿಸಿ ಸಿಡಿ ಮಾಡಿದ್ದಳು. ಮನೆಯ ಹೆಂಗಸರೆಲ್ಲ ಕೂತು ನೋಡುವಾಗ, ಮೆಹಂದಿ ಹಚ್ಚಿದ ಕೈ ಚಾಚಿ ಕೂತ ಹುಡುಗಿ ತುಟಿ ಆಡಿಸುವುದು ಕಾಣುತ್ತದೆ, ಅದೇ ಹೊತ್ತಿಗೆ ಪಿಸುಮಾತು ಕೇಳುತ್ತದೆ: "ಮೊನ್ನಿತನಕ ಮಂದಿ ಲಾರಿ ತೊಳೀತಿದ್ದಾಕಿ, ಈಗ ರಾಣಿ ಹಂಗ ಕುಂತಾಳ ನೋಡು."

ಆ ಮಾತು ಅತ್ತೆಯನ್ನು ಕುರಿತದ್ದು. ಅತ್ತೆ ಒಂದು ಕಾಲದಲ್ಲಿ ಲಾರಿ ತೊಳೆದದ್ದು ಊರಿಗೇ ಗೊತ್ತಿತ್ತು. ಮರುದಿನವೇ ಹುಡುಗಿಯನ್ನು ಸಿರುಗುಪ್ಪಕ್ಕೆ ತಂದು ಬಿಟ್ಟು ಹೋದರು. ಗಂಡ ಕರೆಯಲು ಬರಲಿಲ್ಲ, ಫೋನಿಗೂ ಬರಲಿಲ್ಲ. ಮಗಳ ಮನೆಯೇ ಹೋಯಿತೆಂದು ತಾಯಿ ಸಿಡಿ ಹಿಡಿದು ನನ್ನಲ್ಲಿಗೆ ಓಡಿ ಬಂದಿದ್ದಳು.

ನಾನು ಸಿಡಿ ಹಾಕಿದೆ. ಪಿಸುಮಾತಿಗೆ ಧ್ವನಿಯ ಗುರುತು ಇರುವುದಿಲ್ಲ, ಯಾರು ಪಿಸುಗುಟ್ಟಿದರೂ ಒಂದೇ ರೀತಿ. ಕಣ್ಣು ತುಟಿಯನ್ನು ಕಂಡರೆ ಕಿವಿ ಆ ತುಟಿಯನ್ನೇ ನಂಬುತ್ತದೆ. ನಿಜ ಹೇಳುತ್ತೇನೆ, ನನಗೂ ಹುಡುಗಿಯೇ ಅಂದಂತೆ ಕಂಡಿತು. ಇವಳು ಮಗಳನ್ನು ಉಳಿಸಿಕೊಳ್ಳಲು ನನ್ನಿಂದ ಸುಳ್ಳು ಹೇಳಿಸಲು ಬಂದಿದ್ದಾಳೆ ಎಂದುಕೊಂಡೇ ಸಿಡಿಯನ್ನು ಕೊನೆಯವರೆಗೂ ಓಡಿಸಿದೆ.

ಕೊನೆಯಲ್ಲಿ ಚಿತ್ರ ನಿಂತುಬಿಟ್ಟಿತು. ಒಬ್ಬ ಮುದುಕಿಯ ಅರೆತೆರೆದ ಬಾಯಿ ಪರದೆಯ ಮೇಲೆ ಕಲ್ಲಾಗಿತ್ತು, ಆದರೆ ಢೋಲಕ್ಕಿನ ಸದ್ದು ಮಾತ್ರ ನಡೆಯುತ್ತಲೇ ಇತ್ತು. ಅಂದರೆ ಆ ಫೈಲಿನಲ್ಲಿ ಸದ್ದು ಉದ್ದವಿತ್ತು, ಚಿತ್ರ ಗಿಡ್ಡವಿತ್ತು. ನಾನು ಹಿಂದಕ್ಕೆ ಹೋಗಿ ನೋಡಿದೆ. ಢೋಲಕ್ಕಿನ ಮೇಲೆ ಕೈ ಬೀಳುವುದೇ ಒಂದು ಗಳಿಗೆ, ಪೆಟ್ಟು ಕೇಳುವುದೇ ಒಂದು ಗಳಿಗೆ. ಎಲ್ಲರೂ ಬಸ್ಸು ತಪ್ಪಿಸಿಕೊಂಡವರಂತೆ ಸ್ವಲ್ಪ ಅವಸರದಲ್ಲಿ ಆಡುತ್ತಿದ್ದರು. ಆಗಿನ ಮೊಬೈಲು ವಿಡಿಯೊಗಳಲ್ಲಿ ತುಟಿಗೂ ಮಾತಿಗೂ ಹೊಂದದಿರುವುದು ಎಲ್ಲರಿಗೂ ರೂಢಿಯಾಗಿತ್ತಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದು ಹೇಗಾಗುತ್ತದೆಂದು ಹೇಳಿಬಿಡುತ್ತೇನೆ. ಆಗಿನ ಮೊಬೈಲು ಬೆಳಕು ಚೆನ್ನಾಗಿದ್ದರೆ ಸೆಕೆಂಡಿಗೆ ಹದಿನೈದು ಫ್ರೇಮು, ಅಂದರೆ ಬಿಡಿ ಚಿತ್ರ, ತೆಗೆಯುತ್ತಿತ್ತು. ಪರದೆ ಎಳೆದ ಕತ್ತಲೆ ಕೋಣೆಯಲ್ಲಿ ಅದಕ್ಕೆ ಅಷ್ಟು ಕೈಗೂಡದೆ ಹನ್ನೆರಡೋ ಹತ್ತೋ ತೆಗೆದು ಸುಮ್ಮನಾಗುತ್ತಿತ್ತು. ಯಾವ ಫ್ರೇಮು ಯಾವ ಗಳಿಗೆಯದು ಎಂದು ಫೈಲಿನೊಳಗೆ ಗುರುತಿರುತ್ತದೆ, ಆದ್ದರಿಂದ ಮೊಬೈಲಿನಲ್ಲಿ ನೋಡಿದರೆ ಎಲ್ಲ ಸರಿ. ಆದರೆ ಪುಕ್ಕಟೆ ಸಿಗುವ ಜೋಡಿಸುವ ಸಾಫ್ಟ್‌ವೇರುಗಳು ಆ ಗುರುತನ್ನು ನೋಡದೆ, ಮೊದಲ ಕ್ಲಿಪ್ಪಿನ ಹದಿನೈದರ ಲೆಕ್ಕವನ್ನೇ ಎಲ್ಲಕ್ಕೂ ಹಾಕುತ್ತವೆ. ಹತ್ತು ಫ್ರೇಮಿನ ಸೆಕೆಂಡು ಹದಿನೈದರ ವೇಗದಲ್ಲಿ ಓಡಿದರೆ ಚಿತ್ರ ಬೇಗ ಮುಗಿಯುತ್ತದೆ. ಸದ್ದು ತನ್ನಷ್ಟಕ್ಕೆ ತಾನು ನಿಧಾನವಾಗಿ ಬರುತ್ತಿರುತ್ತದೆ. ಮುಂದಿನ ಕ್ಲಿಪ್ಪಿನ ಚಿತ್ರ ಮುಂದೆ ಹತ್ತಿಕೊಳ್ಳುತ್ತದೆ, ಹಿಂದಿನ ಕ್ಲಿಪ್ಪಿನ ಸದ್ದು ಇನ್ನೂ ಉಳಿದಿರುತ್ತದೆ. ಒಂದೊಂದು ಜೋಡಣೆಗೂ ಸ್ವಲ್ಪ ಸ್ವಲ್ಪ ಹಿಂದೆ ಬಿದ್ದು ಬಿದ್ದು, ಕೊನೆಗೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬಂದು ಕೂರುತ್ತದೆ.

ಸಿರುಗುಪ್ಪದ ತಾಯಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಅರ್ಥವಾದದ್ದು ಒಂದೇ. "ಅಂದ್ರ ನನ್ನ ಮಗಳು ಅಂದಿಲ್ಲ?"

"ಅಂದಿಲ್ಲ ಅಂತ ನಾನು ಹೇಳಿಲ್ರಿ. ಈ ಸಿಡಿ ನಂಬಂಗಿಲ್ಲ ಅಂದೆ. ಎಲ್ಲಾ ಮೊಬೈಲಿನ ಅಸಲು ಕ್ಲಿಪ್ ತರ್ರಿ, ಆಮ್ಯಾಲೆ ನೋಡೂಣು."

ಈ ಸಂಬಂಧ ಕುದುರಿಸಿದ್ದವಳು ಗಾಂಧಿನಗರದ ಒಬ್ಬ ಹಿರಿಯಕ್ಕ, ಎರಡೂ ಮನೆಗೆ ಬೇಕಾದವಳು. ಅವಳು ನಡುವೆ ಓಡಾಡಿ ಕುರುಗೋಡಿನ ಅತ್ತೆಯನ್ನು ಒಪ್ಪಿಸಿದಳು. ಮೆಹಂದಿ ಹಚ್ಚಿಕೊಂಡ ಹುಡುಗಿಯನ್ನು ತೆಗೆದ ಕ್ಲಿಪ್ಪು ಇದ್ದದ್ದು ಹಿರಿಯಕ್ಕನ ಮೊಬೈಲಿನಲ್ಲೇ. ಅದೊಂದನ್ನೇ ತೋರಿಸಿದರೆ ಮುಗಿಯಿತಲ್ಲ ಎಂದು ನಾನಂದೆ. ಅತ್ತೆ ಅದಕ್ಕೆ ಒಪ್ಪಲಿಲ್ಲವಂತೆ. ಬಿಡಿ ಬಿಡಿ ತೋರಿಸಿದರೆ ತಮಗೆ ಬೇಕಾದ್ದನ್ನು ಆರಿಸಿ ತೋರಿಸುತ್ತಾರೆ, ಸಂಬಂಧ ಮಾಡಿಸಿದವಳು ಹುಡುಗಿಯ ಪರವೇ ಅಲ್ಲವೇ? ಅವಳು ಹಾಕಿದ ಷರತ್ತು ಹೀಗಿತ್ತು: ಎಲ್ಲಾ ಕ್ಲಿಪ್ಪೂ ಇರಬೇಕು, ಒಂದೂ ಬಿಡಬಾರದು. ಎಲ್ಲ ಸೇರಿ ಒಂದೇ ಫೈಲಾಗಿರಬೇಕು, ನಡುವೆ ಎಲ್ಲೂ ನಿಲ್ಲಬಾರದು. ಎಲ್ಲಾದರೂ ಚಿತ್ರ ಹಾರಿದರೆ, ಕಪ್ಪಾದರೆ, ತುಟಿ ಒಂದು ಮಾತು ಒಂದಾದರೆ, ಅಲ್ಲಿ ಕತ್ತರಿ ಆಡಿದೆ ಎಂದೇ ಲೆಕ್ಕ. ಆಮೇಲೆ ಹುಡುಗಿಯ ಮಾತು ಎತ್ತುವ ಹಾಗಿಲ್ಲ.

ನನಗೆ ಸಿಟ್ಟೂ ಬಂತು, ಆ ಹೆಂಗಸಿನ ಮೇಲೆ ಗೌರವವೂ ಬಂತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಮೊದಲು ಸಿರುಗುಪ್ಪಕ್ಕೆ ಹೋದೆ. ಕಾರ್ಡುಗಳನ್ನು ಯಾರ ಕೈಯಲ್ಲೋ ತರಿಸಿಕೊಳ್ಳುವುದು ಬೇಡ, ನಾನೇ ಮೊಬೈಲಿನಿಂದ ಇಳಿಸಿಕೊಳ್ಳುತ್ತೇನೆಂದು ಗಂಡನ ಹಳೆಯ ಲ್ಯಾಪ್‌ಟಾಪು ಹೊತ್ತುಕೊಂಡು ಬಸ್ಸು ಹತ್ತಿದೆ. ಗದ್ದೆಗಳಲ್ಲಿ ನೀರು ನಿಂತಿತ್ತು, ಬಸ್ಸಿನೊಳಗೆ ಭತ್ತದ ಹೊಟ್ಟಿನ ವಾಸನೆ. ಹುಡುಗಿಯ ಮನೆಯಲ್ಲಿ ಅಕ್ಕ ತಂಗಿಯರ ಮೊಬೈಲುಗಳಿದ್ದವು, ಕೆಂಚನಗುಡ್ಡದಿಂದ ಬಂದ ಅತ್ತಿಗೆಯೊಬ್ಬಳ ಫೋಟೊ ಕ್ಯಾಮೆರಾ ಇತ್ತು. ಅದರದ್ದು ಸೆಕೆಂಡಿಗೆ ಮೂವತ್ತು ಫ್ರೇಮು, ಚಿತ್ರವೂ ದೊಡ್ಡದು. ಮೊಬೈಲಿನದು ಅಂಚೆ ಚೀಟಿಯಷ್ಟು.

ಹುಡುಗಿ ಒಳಕೋಣೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಹಿರಿಯಕ್ಕನ ಕ್ಲಿಪ್ಪನ್ನು ನಾನಿನ್ನೂ ನೋಡಿರಲಿಲ್ಲ. ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದೆ: "ನನ್ನ ಹತ್ರ ಖರೆ ಹೇಳವ್ವ. ಅಂದಿದ್ರ ಅಂದೀನಿ ಅನ್ನು. ಆಮ್ಯಾಲೆ ಎಲ್ಲಾರ ಮುಂದ ಬಯಲಾಗೂದು ಬ್ಯಾಡ."

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ನಾನು ಅಂದಿಲ್ರಿ" ಅಂದಳು. ಅಳಲೂ ಇಲ್ಲ, ಆಣೆ ಹಾಕಲೂ ಇಲ್ಲ. ತಪ್ಪಿಲ್ಲದವರು ಇಷ್ಟು ತಣ್ಣಗೆ ಇರುತ್ತಾರೆಯೇ ಎಂಬ ಅನುಮಾನ ನನ್ನ ಮನಸ್ಸನ್ನು ಕೊರೆಯಿತು.

ಕುರುಗೋಡಿನವರು ಮಾತ್ರ ಕಾರ್ಡುಗಳನ್ನು ಹಿರಿಯಕ್ಕನ ಕೈಯಲ್ಲೇ ಕಳಿಸಿದ್ದರು, ಅವಳು ತನ್ನದನ್ನೂ ಕೊಟ್ಟಳು. ಮನೆಯಲ್ಲಿ ಕೂತು ಒಂದೊಂದಾಗಿ ತೆಗೆದು ನೋಡಿದೆ. ಹಿರಿಯಕ್ಕನ ಕ್ಲಿಪ್ಪಿನಲ್ಲಿ ಆ ಪಿಸುಮಾತಿರಲಿಲ್ಲ. ಹಿರಿಸೊಸೆಯ ಕಾರ್ಡಿನಲ್ಲಿ ಒಂದು ಫೈಲಿನ ಹೆಸರಿದೆ, ತೆರೆದರೆ ತೆರೆಯುವುದಿಲ್ಲ. ಕಾಪಿ ಆಗುತ್ತಿರುವಾಗಲೇ ಕಾರ್ಡು ಕಿತ್ತರೆ ಹಾಗಾಗುತ್ತದೆ. ಅವಸರದಲ್ಲಿ ಕಿತ್ತಿರಬಹುದು, ಬೇಕೆಂದೇ ಕಿತ್ತಿರಲೂಬಹುದು. ಅವಳು ಮಾಡಿದ ಸಿಡಿಯನ್ನು ಮತ್ತೆ ನೋಡಿದೆ. ನನ್ನ ಬಳಿ ಇರುವ ಯಾವ ಕ್ಲಿಪ್ಪಿನಲ್ಲೂ ಇಲ್ಲದ ಒಂದು ದೃಶ್ಯ ಅದರಲ್ಲಿತ್ತು: ಹಸಿರು ಬಳೆ ತುಂಬಿದ ತಟ್ಟೆ. ಅದಾದ ಕೂಡಲೇ ಮೆಹಂದಿ ಹುಡುಗಿ.

ಎಲ್ಲ ಬಿಟ್ಟು ಇದೇ ಯಾಕೆ ತೆರೆಯುತ್ತಿಲ್ಲ? ನಾನು ಕುರುಗೋಡಿನ ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ಅವರ ಮನೆ ಬಂಡೆಗುಡ್ಡದ ಬುಡದಲ್ಲಿ, ಹೊಸದಾಗಿ ಗ್ರಾನೈಟು ಹಾಸಿದ್ದು. ಮುಂದೆ ಲಾರಿ ನಿಲ್ಲುವ ಬಯಲು. ಅತ್ತೆ ಮನೆಯಲ್ಲಿರಲಿಲ್ಲ. ಹಿರಿಸೊಸೆ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಮೊಬೈಲು ಮಾತ್ರ ಕೊಡಲಿಲ್ಲ. ಮೊದಲು ರಿಪೇರಿಗೆ ಕೊಟ್ಟಿದ್ದೇನೆ ಎಂದಳು. ಅವಳ ಬೀರುವಿನೊಳಗೆ ಅದು ರಿಂಗಾಯಿತು. ಅದು ನಿಲ್ಲುವವರೆಗೂ ನಾನು ಚಹಾ ಕುಡಿದೆ.

"ನೀವು ಹೆಂಗ ಜೋಡಿಸಿದ್ರಿ, ತೋರಿಸ್ರಿ" ಎಂದೆ. ಅವಳು ಕಂಪ್ಯೂಟರು ಹಚ್ಚಿ ತೋರಿಸಿದಳು. ಕ್ಲಿಪ್ಪುಗಳನ್ನೆಲ್ಲ ಎಳೆದು ಒಂದರ ಕೆಳಗೊಂದು ಹಾಕುವುದು, ಒಂದು ಗುಂಡಿ ಒತ್ತುವುದು, ಅಷ್ಟೇ. ನನ್ನ ಹತ್ತಿರವಿದ್ದ ಬೇರೆ ಕ್ಲಿಪ್ಪುಗಳನ್ನು ಅದರಲ್ಲೇ ಹಾಕಿ ಒತ್ತಿಸಿದೆ. ಅವಕ್ಕೂ ಸದ್ದು ಹಿಂದೆ ಬಿತ್ತು, ಕೊನೆಯಲ್ಲಿ ಚಿತ್ರ ನಿಂತಿತು. ಇವಳೇ ಬೇಕೆಂದು ಮಾತನ್ನು ಸರಿಸಿದ್ದಾಳೆ ಎಂದು ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದದ್ದು ಅಲ್ಲಿಗೆ ಬಿದ್ದುಹೋಯಿತು. ತಪ್ಪು ಆ ಗುಂಡಿಯದೇ.

ಆದರೂ ಮೊಬೈಲು ಬೇಕಿತ್ತು, ಮತ್ತೆ ಕೇಳಿದೆ. ಅವಳು ಬೀರು ತೆಗೆದು ತಂದು ನನ್ನ ಕೈಗಿಡುವಾಗ ಕೇಳಿದಳು: "ಆಪಾ, ಬಳಿ ತಾಟಿಂದು ಒಂದು ಬಿಟ್ರ ನಡಿಯಂಗಿಲ್ಲೇನ್ರಿ? ಅದರಾಗ ಯಾರೂ ಇಲ್ಲ."

"ಒಂದೂ ಬಿಡಂಗಿಲ್ಲ ಅಂತ ನಿಮ್ಮ ಅತ್ತೀನೇ ಹೇಳ್ಯಾರ" ಎಂದೆ.

ಅವಳು ಬೆರಳಿನ ಉಗುರು ಕಡಿಯುತ್ತಾ ನಿಂತಳು. ನಾನು ಕ್ಲಿಪ್ಪು ಇಳಿಸಿಕೊಂಡು, ತೆರೆದು ಚಿತ್ರ ಬರುತ್ತದೆಯೇ ಎಂದಷ್ಟೇ ನೋಡಿ ಹೊರಟೆ. ಅಲ್ಲಿ ಸದ್ದು ಹಾಕಲಿಲ್ಲ.

ಮನೆಗೆ ಬಂದು ಇಯರ್‌ಫೋನು ಹಾಕಿಕೊಂಡೆ. ಬಳೆ ತಟ್ಟೆ, ತಟ್ಟೆಯ ಮೇಲೆ ಯಾರದೋ ಕೈ, ದೂರದಲ್ಲಿ ಢೋಲಕ್. ಆ ಎಲ್ಲ ಗದ್ದಲದ ಮೇಲೆ, ಕಿವಿಯ ಪಕ್ಕದಲ್ಲೇ ಅಂದಂತೆ, ಆ ಪಿಸುಮಾತು. ಮೊಬೈಲಿನಲ್ಲಿ ವಿಡಿಯೊ ತೆಗೆದವರಿಗೆಲ್ಲ ಗೊತ್ತು: ಎಲ್ಲರಿಗಿಂತ ದೊಡ್ಡದಾಗಿ ಕೇಳುವುದು ಮೊಬೈಲು ಹಿಡಿದವರ ಮಾತು. ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದಾಳೆ, ಹೇಳುವಾಗ ಕೈಯಲ್ಲಿ ಮೊಬೈಲು ನಡೆಯುತ್ತಿದೆ ಎಂಬುದನ್ನೇ ಮರೆತಿದ್ದಾಳೆ. ಆಮೇಲೆ ಟೀವಿಯಲ್ಲಿ ತನ್ನ ಮಾತು ಹೊಸ ಸೊಸೆಯ ತುಟಿಗೆ ಹೋಗಿ ಕೂತದ್ದನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದಾಳೆ. ನನ್ನ ಮೈ ಉರಿಯಿತು. ಆ ತಣ್ಣನೆಯ ಹುಡುಗಿ ಅಕ್ಕಿ ಆರಿಸುತ್ತಾ ಕೂತಿರುವಾಗ ಇವಳು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳುತ್ತಿದ್ದಳು.

ಆದರೆ ಸತ್ಯ ಗೊತ್ತಾದರೆ ಸಾಲದು. ಫೈಲು ಸರಿಯಾಗಬೇಕು. ಒಂದು ಕಡೆ ಮಿಂಚಿದರೂ ಎಲ್ಲ ಹೋಯಿತು.

ಮೊದಲು ಯಾವುದನ್ನೂ ಜೋಡಿಸಲಿಲ್ಲ. ಒಂದೊಂದು ಕ್ಲಿಪ್ಪನ್ನೂ ಬೇರೆ ಬೇರೆಯಾಗಿ ಒಂದೇ ಅಳತೆಗೆ ತಂದೆ. ನಮ್ಮ ಟೀವಿ, ಡಿವಿಡಿಗೆ ಬೇಕಾದದ್ದು ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಗಳಿಗೆಯ ಗುರುತು ನೋಡಿಕೊಂಡು, ಫ್ರೇಮು ಕಮ್ಮಿಯಿದ್ದ ಕಡೆ ಹಿಂದಿನದನ್ನೇ ಮತ್ತೆ ತೋರಿಸುವಂತೆ, ಮೂವತ್ತಿದ್ದ ಕಡೆ ಕೆಲವನ್ನು ಬಿಡುವಂತೆ ಮಾಡಿದೆ. ಫ್ರೇಮು ಹೆಚ್ಚಲಿ, ಇಳಿಯಲಿ, ಕ್ಲಿಪ್ಪಿನ ಉದ್ದ ಮಾತ್ರ ಬದಲಾಗಬಾರದು. ಅದೇ ಇಡೀ ಕೆಲಸದ ಜೀವ. ಸಣ್ಣ ಚಿತ್ರಗಳನ್ನು ಅಗಲ ಎತ್ತರದ ಪ್ರಮಾಣ ಕೆಡದಂತೆ ಡಿವಿಡಿಯ ಅಳತೆಗೆ ದೊಡ್ಡದು ಮಾಡಿದೆ. ಮಸುಕಾದವು, ಆಗಲಿ. ಮಸುಕು ಸುಳ್ಳಲ್ಲ. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದವು ಎರಡು ಮೂರಿದ್ದವು, ಅವು ಮಲಗಿಕೊಂಡು ಬಂದಿದ್ದವು. ಅವನ್ನು ಎಬ್ಬಿಸಿ ನಿಲ್ಲಿಸಿದರೆ ಎಡ ಬಲಕ್ಕೆ ಕಪ್ಪು ಪಟ್ಟಿ ಉಳಿಯುತ್ತದೆ. ಕತ್ತರಿಸಿ ತುಂಬಿಸಿದರೆ ಅಂಚಿನಲ್ಲಿದ್ದವರು ಹೋಗುತ್ತಾರೆ. ಕಪ್ಪು ಪಟ್ಟಿಯನ್ನೇ ಉಳಿಸಿ, ಇದನ್ನು ಮೊದಲೇ ಹೇಳಿಬಿಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡೆ.

ಬಾಗಿಲಲ್ಲಿ ಮದುಮಗಳನ್ನು ಕಳಿಸಿಕೊಡುವುದನ್ನು ನನ್ನ ಗಂಡ ಹ್ಯಾಂಡಿಕ್ಯಾಮಿನಲ್ಲಿ ತೆಗೆದಿದ್ದ, ಅದು ಮೊದಲೇ ಇಪ್ಪತ್ತೈದರದು. ಅದರಲ್ಲಿ ಕೈ ಬೀಸಿದರೆ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಾಣುತ್ತಿದ್ದವು, ಅದನ್ನೂ ಸರಿ ಮಾಡಿದೆ. ಸದ್ದುಗಳನ್ನೆಲ್ಲ ಒಂದೇ ವೇಗಕ್ಕೆ ತಂದೆ, ಇಲ್ಲದಿದ್ದರೆ ಒಬ್ಬಳು ಗಿಳಿಯಂತೆ, ಇನ್ನೊಬ್ಬಳು ಗಂಡಸಿನಂತೆ ಮಾತಾಡುತ್ತಾಳೆ. ಆಮೇಲೆ ಒಂದೊಂದರಲ್ಲೂ ಚಿತ್ರದ ಉದ್ದ, ಸದ್ದಿನ ಉದ್ದ ಸಮ ಇದೆಯೇ ನೋಡಿದೆ. ಸದ್ದು ಕೂದಲೆಳೆಯಷ್ಟು ಹೆಚ್ಚಿದ್ದ ಕಡೆ ಕೊನೆಯ ಫ್ರೇಮನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸಿದೆ. ಅದನ್ನು ಮಾಡದೆ ಜೋಡಿಸಿದರೆ ಅಲ್ಲಿ ಕಪ್ಪು ಮಿಂಚುತ್ತದೆ. ಸದ್ದಿನ ಜೋಡಣೆಯಲ್ಲಿ ಟಕ್ ಎನ್ನದಂತೆ ತುದಿಗಳನ್ನು ತುಸು ಇಳಿಸಿ ಏರಿಸಿದೆ. ಹಿಂದು ಮುಂದಿನ ಕ್ರಮಕ್ಕೆ ಮೊಬೈಲಿನ ಗಡಿಯಾರಗಳನ್ನು ನಂಬಲಿಲ್ಲ, ಒಂದರಲ್ಲಂತೂ ಯಾವುದೋ ಕಾಲದ ತಾರೀಖು. ಹಾಡು ಯಾವ ಸಾಲಿನಲ್ಲಿದೆ ಎಂದು ಕೇಳಿ ಕೇಳಿ ಹೊಂದಿಸಿದೆ. ಇದೆಲ್ಲ ಆದ ಮೇಲೆಯೇ ಕೂಡಿಸಿದ್ದು.

ಕೂಡಿಸಿದ ಫೈಲನ್ನು ಕುರುಗೋಡಿನ ಅತ್ತೆಯ ಕಣ್ಣಿನಿಂದ ನೋಡಿದೆ. ಪ್ರತಿ ಜೋಡಣೆಯಲ್ಲೂ, ಇವಳು ಏನನ್ನು ಬಚ್ಚಿಟ್ಟಿದ್ದಾಳೆ ಎಂದು ನನ್ನನ್ನೇ ಕೇಳಿಕೊಂಡೆ. ಎರಡು ಕಡೆ ಸಿಕ್ಕಿಬಿದ್ದೆ, ತಿದ್ದಿದೆ.

ಗಾಂಧಿನಗರದ ಹಿರಿಯಕ್ಕನ ಮನೆಯಲ್ಲಿ ಎಲ್ಲರೂ ಸೇರಿದರು. ಒಂದು ಗೋಡೆಗೆ ಸಿರುಗುಪ್ಪದ ತಾಯಿ ಮಗಳು, ಎದುರು ಗೋಡೆಗೆ ಕುರುಗೋಡಿನ ಅತ್ತೆ ಮತ್ತು ಹಿರಿಸೊಸೆ. ನಡುವೆ ಟೀವಿ. ಗಂಡಸರನ್ನು ಅಂಗಳದಲ್ಲಿ ಕೂರಿಸಿದ್ದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಿರಗುಪ್ಪದವರು ನಿಮಗ ಬೀಗರೇನು?"

"ಅಲ್ರಿ."

"ಗುರ್ತಿನವರು?"

"ಈ ಕೆಲಸಕ್ಕ ಬಂದಾಗ ಗುರ್ತಾದವರು. ನಿಮ್ಮ ಹಂಗ."

ಕಪ್ಪು ಪಟ್ಟಿಯ ವಿಷಯ, ಮಸುಕಿನ ವಿಷಯ ಹೇಳಿ ಡಿವಿಡಿ ಹಾಕಿದೆ. ಅರಿಶಿನ ಬಂತು, ಹಾಡು ಬಂತು. ಢೋಲಕ್ಕಿನ ಮೇಲೆ ಕೈ ಬಿದ್ದಾಗಲೇ ಪೆಟ್ಟು ಕೇಳಿತು. ಅತ್ತೆ ಟೀವಿಯ ಹತ್ತಿರಕ್ಕೆ ಜರುಗಿ ಕೂತಳು. ಇನ್ನೇನು ಬಳೆ ತಟ್ಟೆ ಬರಬೇಕು, ಅಷ್ಟರಲ್ಲಿ ಕರೆಂಟು ಹೋಯಿತು.

"ಇಲ್ಲೇ ಯಾಕ ಹೋತು?" ಅಂದಳು ಅತ್ತೆ.

ನನಗೆ ನಗುವೂ ಬಂತು, ಅಳುವೂ ಬಂತು. ಹಿರಿಯಕ್ಕ ಅಂಗಳಕ್ಕೆ ಹೋಗಿ ಅಕ್ಕಪಕ್ಕದ ಮನೆಗಳನ್ನು ನೋಡಿ ಬಂದು, ಇಡೀ ಓಣಿಗೇ ಹೋಗಿದೆ ಎಂದು ಆಣೆ ಮಾಡಿ ಹೇಳಬೇಕಾಯಿತು. ಕರೆಂಟು ಬಂದ ಮೇಲೆ ಅತ್ತೆ ಮೊದಲಿನಿಂದ ಹಾಕಲು ಹೇಳಿದಳು. ಮತ್ತೆ ಅರಿಶಿನ, ಮತ್ತೆ ಹಾಡು. ನಾನು ಪರದೆ ನೋಡಲಿಲ್ಲ, ಹಿರಿಸೊಸೆಯನ್ನು ನೋಡುತ್ತಿದ್ದೆ. ಅವಳು ನೆಲ ನೋಡುತ್ತಿದ್ದಳು.

ಬಳೆ ತಟ್ಟೆ ಬಂತು. "ಮೊನ್ನಿತನಕ ಮಂದಿ ಲಾರಿ ತೊಳೀತಿದ್ದಾಕಿ, ಈಗ ರಾಣಿ ಹಂಗ ಕುಂತಾಳ ನೋಡು." ಪರದೆಯ ಮೇಲೆ ಬಳೆಗಳು ಮಾತ್ರ ಇದ್ದವು. ಆಮೇಲೆ ಹುಡುಗಿ ಬಂದಳು, ಮೆಹಂದಿಯ ಕೈ ಚಾಚಿಕೊಂಡು. ತುಟಿ ಆಡಿತು. "ಯಕ್ಕಾ, ಒಂದೀಟು ನೀರು ಕುಡಸ್ರಿ, ಕೈ ಹಸಿ ಐತಿ."

ಸಿರುಗುಪ್ಪದ ತಾಯಿ ಬಿಕ್ಕಿದಳು. ಅತ್ತೆ ಕೈ ಎತ್ತಿ, "ಪೂರಾ ಆಗ್ಲಿ" ಅಂದಳು. ಕಳಿಸಿಕೊಡುವ ಬಾಗಿಲವರೆಗೂ ಅವಳು ಕಣ್ಣು ಮಿಟುಕಿಸಲಿಲ್ಲ. ಎಲ್ಲೂ ಚಿತ್ರ ಹಾರಲಿಲ್ಲ, ಎಲ್ಲೂ ಮಿಂಚಲಿಲ್ಲ. ಚಿತ್ರ ಮತ್ತು ಸದ್ದು ಒಟ್ಟಿಗೆ ಮುಗಿದವು. ಆಗ ಅವಳು ಕೇಳಿದಳು: "ಬಳಿ ತಾಟು ತಗದಾಕಿ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಹಿರಿಸೊಸೆ ಅಂದಳು: "ನಾನ ರೀ ಅತ್ತಿ. ಸಿಟ್ಟಿನಾಗ ಅಂದಿದ್ದೆ. ಸಿಡಿಯಾಗ ಅದು ಈಕಿ ಬಾಯಾಗ ಬಂದಿದ್ದು ನೋಡಿ ಹೆದರಿಬಿಟ್ಟೆ."

ಅತ್ತೆ ತನ್ನ ಅಂಗೈಗಳನ್ನು ನೋಡಿಕೊಂಡಳು. "ಲಾರಿ ತೊಳದದ್ದು ಖರೇನ ಐತಿ. ತೊಳದ ಕೈಲೇ ನಿನಗ ಉಣ್ಣಾಕ ಹಾಕೀನಿ" ಅಂದಳು. ಆಮೇಲೆ ಎದ್ದು ಕಿರಿಸೊಸೆಯ ಮುಂದೆ ನಿಂತು, "ನಡಿಯವ್ವ ಮನಿಗೆ" ಎಂದಳು. ಅಷ್ಟೇ, ತಪ್ಪಾಯಿತು ಎನ್ನಲಿಲ್ಲ. ಆ ಹೆಂಗಸಿನಿಂದ ಅಷ್ಟು ಬಂದದ್ದೇ ದೊಡ್ಡದೆಂದು ನನಗನಿಸಿತು.

ತಾಯಿ ಮಗಳನ್ನು ತಬ್ಬಿಕೊಂಡು, "ನನಗ ಗೊತ್ತಿತ್ತು ನನ್ನ ಕೂಸು ಅನ್ನಂಗಿಲ್ಲ ಅಂತ" ಎಂದು ಅತ್ತಳು. ಹುಡುಗಿ ತಬ್ಬಿಸಿಕೊಂಡು ನಿಂತಳು, ತಾನು ಕೈ ಹಾಕಲಿಲ್ಲ. ಹೊರಗೆ ಜೀಪು ನಿಂತಿತ್ತು, ಹುಡುಗಿಯ ಗಂಡ ಬಾಗಿಲು ತೆಗೆದು ಹಿಡಿದಿದ್ದ. ಹಿರಿಸೊಸೆಯನ್ನು ಅತ್ತೆ ಇಲ್ಲೇ ಬಿಟ್ಟು ಹೋಗುವ ಲಕ್ಷಣವಿತ್ತು, ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಹುಡುಗಿ ಬುರ್ಖಾ ಹಾಕಿಕೊಳ್ಳುತ್ತಾ ಅತ್ತೆಗೆ ಹೇಳಿದಳು: "ಅತ್ತಿ, ಈ ಅಕ್ಕನೂ ಬರ್ಲಿ. ನಾನು ಆಕಿ ಪಕ್ಕ ಕುಂದರ್ತೀನಿ."

ಅತ್ತೆ ಹಿರಿಸೊಸೆಗೆ ಜೀಪಿನ ಕಡೆ ಕೈ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಹತ್ತಿರ ಹುಡುಗಿಯನ್ನು ಹಿಡಿದು, "ಹುಚ್ಚೇನ ನಿನಗ? ಇಷ್ಟು ದಿನ ಬಾಯಿ ಮುಚ್ಕೊಂಡು ನಿನ್ನ ಸುಟ್ಟಾಕಿ ಪಕ್ಕ ಕುಂದರ್ತೀಯ?" ಎಂದು ಕೇಳಿದೆ.

ಅವಳು ಚಪ್ಪಲಿಗೆ ಕಾಲು ಹಾಕುತ್ತಾ, ಅದೇ ತಣ್ಣನೆಯ ದನಿಯಲ್ಲಿ ಅಂದಳು: "ನೀನು ಅಂದಿಯೇನು ಅಂತ ನನ್ನ ಗಂಡ ಕೇಳಿದ್ರು, ಅತ್ತಿ ಕೇಳಿದ್ರು, ನಮ್ಮವ್ವ ಕೇಳಿದ್ಲು, ನೀವೂ ಕೇಳಿದ್ರಿ. ಕೇಳದಾಕಿ ಆ ಅಕ್ಕ ಒಬ್ಬಾಕಿನ ರೀ."